ಪದಚರ್ಚೆ: ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಇದಕ್ಕೆ ಯಾವ ಪದ?

ಸುಜಾತಾ, ಬೆಳಗಾವಿ:
ಎಲ್ಲರಿಗೂ ನಮಸ್ಕಾರ. ನಿಲ್ದಾಣದಂಥ ದೊಡ್ಡ ಹಾಲ್‌ಗಳಲ್ಲಿ ಬೆಂಕಿ ಬಿದ್ದಾಗ ಮೈಕಿನಲ್ಲಿ ಹೇಳಿ ಜನರನ್ನು ಹೊರಗೆ ಕಳಿಸುವ ವ್ಯವಸ್ಥೆ ಇರುತ್ತದಲ್ಲ, ಅದನ್ನು ಕೂಡಿಸುವವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ‘ಸ್ಪೀಚ್ ಇಂಟೆಲಿಜಿಬಿಲಿಟಿ’ಗೆ ಏನು ಬರೆಯಲಿ? ಶ್ರವ್ಯತೆಯೋ, ಸ್ಪಷ್ಟತೆಯೋ? ‘ಗದ್ದಲಕ್ಕಿಂತ 10 ಡೆಸಿಬೆಲ್ ಜೋರಾಗಿದ್ದರೂ ಇದು ಸಾಲದೆ ಹೋಗಬಹುದು’ ಅಂತ ಒಂದು ವಾಕ್ಯ ಇದೆ. ಶ್ರವ್ಯತೆ ಅಂದರೆ ಆ ವಾಕ್ಯವೇ ಕೆಡುತ್ತದೆ ಅನ್ನಿಸುತ್ತಿದೆ.

ಕುಲಕರ್ಣಿ ಮಾಸ್ತರ, ವಿಜಯಪುರ:
ತಂಗೀ, ಇದು ನಮ್ಮ ಗೋಲಗುಮ್ಮಟದ ವಿಷಯವೇ ಅಲ್ವಾ? ಅಲ್ಲಿ ಒಮ್ಮೆ ಚಪ್ಪಾಳೆ ತಟ್ಟಿದರೆ ಹಲವು ಸಲ ಮರಳಿ ಬರುತ್ತದೆ. ಅದಕ್ಕೆ ‘ಪ್ರತಿಧ್ವನಿ’ ಅನ್ನುವ ಒಳ್ಳೆಯ ಪದ ಇದ್ದೇ ಇದೆ. ಹೊಸ ಪದ ಯಾಕೆ ಬೇಕು?

ಬಸವರಾಜ, ಬಾಗಲಕೋಟೆ:
ಮಾಸ್ತರೇ, ಅಕ್ಕ ಕೇಳಿದ್ದು ಬೇರೆ. ನಾನು ಮದುವೆ, ಜಾತ್ರೆಗೆ ಸೌಂಡ್ ಹಾಕುವವನು. ದನಿ ಗೊಂಯ್ ಅಂದರೆ ವಾಲ್ಯೂಮ್ ಏರಿಸಬಾರದು, ಪೆಟ್ಟಿಗೆ ಜಾಸ್ತಿ ಮಾಡಬೇಕು. ಎಲ್ಲರ ಹತ್ತಿರ ಒಂದೊಂದು ಇದ್ದರೆ ಮಾತು ಸ್ವಚ್ಛ ಕೇಳುತ್ತದೆ. ‘ಸ್ಪಷ್ಟತೆ’ ಸಾಕು.

ಶೈಲಜಾ, ಬೆಳಗಾವಿ (ಕಟ್ಟಡಗಳ ಧ್ವನಿ ಅಳೆಯುವ ಕೆಲಸ):
ಬಸವರಾಜ ಅವರ ಮಾತು ಬಯಲಿಗೆ ಸರಿ. ವಾಲ್ಯೂಮ್ ವಿಷಯ ಹಾಲ್‌ಗೂ ಸರಿ: ಏರಿಸಿದಷ್ಟೇ ಗೋಡೆಗೆ ಬಡಿದು ಬರುವ ದನಿಯೂ ಏರುತ್ತದೆ, ಲಾಭ ಇಲ್ಲ. ಆದರೆ ಪೆಟ್ಟಿಗೆ ಜಾಸ್ತಿ ಮಾಡಿದರೂ ಅದೇ ಕಥೆ ಆಗಬಹುದು.

ಒಂದು ಹಾಲ್ ಇಟ್ಟುಕೊಳ್ಳಿ. 40 ಮೀಟರ್ ಉದ್ದ, 20 ಅಗಲ, 10 ಎತ್ತರ. ಗ್ರಾನೈಟ್ ನೆಲ, ಗಾಜಿನ ಗೋಡೆ, ತಗಡಿನ ಚಾವಣಿ. ಸದ್ದು ನಿಲ್ಲಿಸಿದ ಮೇಲೆ 60 ಡೆಸಿಬೆಲ್ ಇಳಿಯಲು 3.2 ಸೆಕೆಂಡ್ ಬೇಕು ಅನ್ನೋಣ. ಅಲ್ಲಿ ಸಾಧಾರಣ ಸ್ಪೀಕರ್ ಒಂದೇ ಇದ್ದರೆ, ಅದರಿಂದ ಸುಮಾರು 6.4 ಮೀಟರ್‌ನಲ್ಲಿ ನೇರ ದನಿಯೂ ತಿರುಗಿ ಬಂದ ದನಿಯೂ ಸಮ ಆಗುತ್ತವೆ. ಅಂಥವೇ 16 ಹಾಕಿ ಎಲ್ಲವನ್ನೂ ಒಂದೇ ಜೋರಿನಲ್ಲಿ ನುಡಿಸಿದರೆ ಆ ದೂರ ನಾಲ್ಕರಲ್ಲಿ ಒಂದು ಪಾಲಾಗಿ 1.6 ಮೀಟರ್‌ಗೆ ಇಳಿಯುತ್ತದೆ. 10 ಮೀಟರ್ ಎತ್ತರದ ಚಾವಣಿಗೆ ತೂಗುಹಾಕಿದರೆ ಯಾರ ಕಿವಿ ಅದರೊಳಗೆ ಸಿಗುತ್ತದೆ? ಉಳಿದ ಹದಿನೈದು ಪೆಟ್ಟಿಗೆಗಳ ದನಿ ಸುಮ್ನೆ ಹಾಲ್ ತುಂಬುತ್ತದೆ.

ಅದಕ್ಕೇ ಕಂಬಕ್ಕೆ ಕಾಲಂ ಸ್ಪೀಕರ್ ಹಾಕುತ್ತಾರೆ. ಅದು ಚಾವಣಿಗೂ ನೆಲಕ್ಕೂ ದನಿ ಚೆಲ್ಲದೆ ಕಿವಿಯ ಮಟ್ಟಕ್ಕೆ ಕಳಿಸುತ್ತದೆ. ಸಾಧಾರಣ ಪೆಟ್ಟಿಗೆಗಿಂತ ನಾಲ್ಕು ಪಟ್ಟು ದಿಕ್ಕು ಹಿಡಿಯುವಂಥದ್ದಾದರೆ, ಆರು ಹಾಕಿದರೂ ಸಮ ಆಗುವ ದೂರ 5 ಮೀಟರ್ ಉಳಿಯುತ್ತದೆ. ಜನ ನಿಲ್ಲುವ ಜಾಗದಲ್ಲಿ ಬಹುಪಾಲು ಅಷ್ಟರೊಳಗೆ ಅಥವಾ ಅದಕ್ಕಿಂತ ಸ್ವಲ್ಪ ಆಚೆ ಬರುತ್ತದೆ.

ಅಳೆಯುವುದು ಎಸ್‌ಟಿಐ ಅನ್ನುವ ಅಂಕಿಯಲ್ಲಿ. 0 ಅಂದರೆ ಏನೂ ತಿಳಿಯದು, 1 ಅಂದರೆ ಪೂರ್ತಿ ತಿಳಿಯುತ್ತದೆ. ಬೆಂಕಿ ಎಚ್ಚರಿಕೆ ವ್ಯವಸ್ಥೆಗಳ ಅಮೆರಿಕದ ನಿಯಮಾವಳಿ ಎನ್‌ಎಫ್‌ಪಿಎ 72 ಸೂಚಿಸುವ ಗುರಿ ಹೀಗೆ: ಅಳೆದ ಜಾಗಗಳಲ್ಲಿ ನೂರಕ್ಕೆ 90ರಲ್ಲಿ 0.45ಕ್ಕೆ ಕಡಿಮೆ ಇರಬಾರದು, ಸರಾಸರಿ 0.50 ಇರಬೇಕು. ನಾನು ಹೇಳಿದ ಹಾಲ್‌ನಲ್ಲಿ ತಿರುಗಿ ಬಂದ ದನಿ ಮಾತ್ರ ಸಿಗುವ ಮೂಲೆಯಲ್ಲಿ ಲೆಕ್ಕಕ್ಕೆ ಬರುವುದು 0.35ರ ಆಸುಪಾಸು. ಅಲ್ಲಿ ಗದ್ದಲವೇ ಇಲ್ಲದಿದ್ದರೂ ಅಷ್ಟೇ.

ಮಾಸ್ತರೇ, ಗೋಲಗುಮ್ಮಟದಲ್ಲಿ ಬಿಡಿಬಿಡಿಯಾಗಿ ಮರಳುವುದು ಪ್ರತಿಧ್ವನಿ. ಇಲ್ಲಿ ಒಂದರ ಮೇಲೊಂದು ಕೂಡಿಕೊಂಡು ಎಳೆಯುವುದು ಅನುರಣನ. ಹಿಂದಿನ ಅಕ್ಷರದ ಬಾಲ ಮುಂದಿನ ಅಕ್ಷರದ ಮೇಲೆ ಬೀಳುತ್ತದೆ. ಮೊದಲು ಸಾಯುವುದು ತ, ಪ, ಸ ಥರದ ಮೆಲ್ಲನೆಯ ವ್ಯಂಜನಗಳು, ಸ್ವರಗಳು ಉಳಿಯುತ್ತವೆ. ಹಾಗಾಗಿ ದನಿ ಕೇಳುತ್ತದೆ, ಯಾವ ಪ್ಲಾಟ್‌ಫಾರ್ಮ್ ಅನ್ನೋದು ತಿಳಿಯುವುದಿಲ್ಲ.

ಬಸವರಾಜ:
ಅಕ್ಕಾ, ಇಲ್ಲೊಂದು ಮಂಗಲ ಕಾರ್ಯಾಲಯದಲ್ಲಿ ಎಷ್ಟು ಪೆಟ್ಟಿಗೆ ಇಟ್ಟರೂ ಹಾಗೇ ಆಗುತ್ತದೆ. ಗದ್ದಲದಿಂದಲೋ ಹಾಲ್‌ನಿಂದಲೋ ಹೇಗೆ ಗೊತ್ತಾಗಬೇಕು?

ಶೈಲಜಾ:
ಖಾಲಿ ಇದ್ದಾಗ, ಎಲ್ಲ ಶಾಂತ ಇದ್ದಾಗ ಹೇಳಿಸಿ ನೋಡಿ. ಆಗಲೂ ತಿಳಿಯದಿದ್ದರೆ ಹೆಚ್ಚಾಗಿ ಹಾಲ್‌ನದ್ದೇ ದೋಷ. ಜನ ತುಂಬಿದಾಗ ಮಾತ್ರ ತಿಳಿಯದಿದ್ದರೆ ಗದ್ದಲದ್ದು. ಜನ ದನಿ ಹೀರುತ್ತಾರೆ, ಹಾಗಾಗಿ ತುಂಬಿದಾಗ ಅನುರಣನ ಸ್ವಲ್ಪ ಇಳಿಯುತ್ತದೆ ಕೂಡ.

ಪದದ ಮಾತು. ಸ್ಪಷ್ಟತೆ ಅಂದರೆ ಸಂಗೀತಕ್ಕೂ ಸಲ್ಲುತ್ತದೆ, ಅದಕ್ಕೆ ಬೇರೆಯೇ ಅಳತೆ ಇದೆ. ನಾನು ‘ಮಾತಿನ ತಿಳಿವು’ ಅನ್ನುತ್ತೇನೆ. ಶ್ರವ್ಯತೆಯನ್ನು ಆ 10 ಡೆಸಿಬೆಲ್ ಮಾತಿಗೆ ಇಟ್ಟುಕೊಳ್ಳಿ.

ಕುಲಕರ್ಣಿ ಮಾಸ್ತರ:
ಪ್ರತಿಧ್ವನಿ ಬಿಟ್ಟೆ. ಆದರೆ ‘ತಿಳಿವು’ ಅಂದರೆ ಅರಿವು. ಅದು ಕೇಳುವವನ ಗುಣ, ಮಾತಿನದಲ್ಲ. ‘ಗ್ರಾಹ್ಯತೆ’ ನೋಡಿ.

ಸುಜಾತಾ:
ಗ್ರಾಹ್ಯತೆ ಅಂದರೆ ಕೂಡಿಸುವ ಹುಡುಗರು ಮತ್ತೆ ನನ್ನನ್ನೇ ಕೇಳುತ್ತಾರೆ, ಮಾಸ್ತರ. ಕರಡಿನಲ್ಲಿ ಸದ್ಯ ‘ಮಾತಿನ ತಿಳಿವು’ ಹಾಕುತ್ತೇನೆ, ಪಟ್ಟಿಯಲ್ಲಿ ಪಕ್ಕಕ್ಕೆ ಎಸ್‌ಟಿಐ. ‘ತಿಳಿಯುವಿಕೆ’ ಅಂದರೆ ನಿಮ್ಮ ಆಕ್ಷೇಪ ಹೋಗುತ್ತದೆಯೇ?