ಅಪ್‌ಡೇಟ್: ಅವ್ವನ ಮಲಬದ್ಧತೆಗೆ ಕಾರಣ ಥೈರಾಯ್ಡ್

ನನ್ನ ಪ್ರಶ್ನೆ: "ಸಿಂಧನೂರಿನಲ್ಲಿರುವ ನಮ್ಮ ಅವ್ವನಿಗೆ ಏನು ಮಾಡಿದರೂ ಮಲಬದ್ಧತೆ ಬಿಡುತ್ತಿಲ್ಲ, ದಿನವಿಡೀ ಸುಸ್ತು. ಏನು ಮಾಡಲಿ?"

ಥೈರಾಯ್ಡ್ ಪರೀಕ್ಷೆ ಮಾಡಿಸಿ ಎಂದವರ ಸಲಹೆಯೇ ಫಲಿಸಿತು. ಅವರಿಗೆ ಮನಃಪೂರ್ವಕ ಧನ್ಯವಾದಗಳು. ಇಸಬಗೋಲು ಮತ್ತು ತ್ರಿಫಲ ಚೂರ್ಣದಿಂದ ಒಂದೆರಡು ದಿನ ಹಗುರವೆನಿಸಿತೇ ಹೊರತು ತೊಂದರೆ ಮರಳಿ ಬಂದಿತು. ರಕ್ತಪರೀಕ್ಷೆಯಲ್ಲಿ, ಸಾಮಾನ್ಯವಾಗಿ ಸುಮಾರು 4ರೊಳಗೆ ಇರಬೇಕಾದ, ಥೈರಾಯ್ಡ್ ಗ್ರಂಥಿಯ ಕೆಲಸ ಕುಂದಿದಾಗ ಏರುವ ಟಿಎಸ್‌ಎಚ್ 38 ಇತ್ತು, ಆ ಗ್ರಂಥಿಯ ಹಾರ್ಮೋನಾದ ಫ್ರೀ ಟಿ4 ಕಡಿಮೆಯಿತ್ತು. ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಕರುಳಿನ ಚಲನೆಯೇ ನಿಧಾನವಾಗಿ, ಮಲದಲ್ಲಿನ ನೀರು ಹೆಚ್ಚು ಹೀರಲ್ಪಟ್ಟು ಅದು ಗಟ್ಟಿಯಾಗುತ್ತದೆ ಎಂದು ವೈದ್ಯರು ವಿವರಿಸಿದರು.

ನನಗೆ ಅಚ್ಚರಿ ತಂದದ್ದು ಕಬ್ಬಿಣಾಂಶದ ಮಾತ್ರೆಯ ವಿಷಯ. ಸುಸ್ತು ರಕ್ತಹೀನತೆಯದೆಂದು ಭಾವಿಸಿ ಅವ್ವ ಅದನ್ನು ನುಂಗುತ್ತಿದ್ದರು, ಆದರೆ ಹಿಮೋಗ್ಲೋಬಿನ್ ಸರಿಯಾಗಿಯೇ ಇತ್ತು. ಆ ಮಾತ್ರೆ ಮಲಬದ್ಧತೆಯನ್ನು ಹೆಚ್ಚಿಸಬಲ್ಲದು; ಥೈರಾಯ್ಡ್ ಮಾತ್ರೆಯೊಂದಿಗೆ ಸೇವಿಸಿದರೆ ಅದರ ಹೀರಿಕೆಯನ್ನೂ ತಡೆಯುತ್ತದೆ. ಹೀಗಾಗಿ ವೈದ್ಯರು ಅದನ್ನು ನಿಲ್ಲಿಸಿದರು. ಎರಡೂ ಮಾತ್ರೆ ಬೇಕಾದವರು ಅವುಗಳ ನಡುವೆ 4 ಗಂಟೆ ಅಂತರವಿಡಬೇಕಂತೆ. ಈಗ ಅವ್ವ ಬೆಳಿಗ್ಗೆ ಚಹಾಕ್ಕೆ ಮೊದಲು, ಖಾಲಿ ಹೊಟ್ಟೆಯಲ್ಲಿ, ಥೈರಾಯ್ಡ್ ಮಾತ್ರೆಯಾದ ಲೆವೊಥೈರಾಕ್ಸಿನ್ 50 ಮೈಕ್ರೋಗ್ರಾಂ ತೆಗೆದುಕೊಳ್ಳುತ್ತಾರೆ. ಹೊಟ್ಟೆ ಬಹುಮಟ್ಟಿಗೆ ಸರಿಹೋಗಿದೆ, ಸುಸ್ತು ಮಾತ್ರ ನಿಧಾನವಾಗಿ ಇಳಿಯುತ್ತಿದೆ. ಪ್ರಮಾಣ ಸಾಕೇ ಎಂದು ತಿಳಿಯಲು, ಮಾತ್ರೆ ಆರಂಭಿಸಿ 6ರಿಂದ 8 ವಾರಗಳಾದ ಮೇಲೆ ಟಿಎಸ್‌ಎಚ್ ಮತ್ತೆ ನೋಡಬೇಕಿದೆ.