ಕಬ್ಬು ಬೆಳೆಗಾರರ ಸರ್ವೆಗೆ ಎಷ್ಟು ಜನರನ್ನು ಕೇಳಬೇಕು? 240 ಸಾಕಾ, 384 ಬೇಕಾ?

ಮದ್ದೂರು ಹುಡುಗಿ ಕೇಳಿದ್ದು: ಎಂಎಸ್‌ಡಬ್ಲ್ಯು ಕೊನೆ ವರ್ಷ. ನಮ್ಮ ಕಡೆ 8 ಹಳ್ಳಿ ಸೇರಿ ಸುಮಾರು 2,400 ಕಬ್ಬು ಬೆಳೆಗಾರರಿದ್ದಾರೆ. ಅವರಲ್ಲಿ ಎಷ್ಟು ಪರ್ಸೆಂಟ್ ಜನ ಡ್ರಿಪ್ ಹಾಕಿಸಿದ್ದಾರೆ ಅಂತ ತಿಳಿಯಬೇಕು. ಗೈಡ್ 10 ಪರ್ಸೆಂಟ್, ಅಂದ್ರೆ 240 ಸಾಕು ಅಂತಾರೆ. ಸೀನಿಯರ್ 384 ಅಂತಾರೆ. ಈ ಲೆಕ್ಕ ಮಾಡಿದವರು ಹೇಳಿ ಪ್ಲೀಸ್.

ಗಂಗೋತ್ರಿ ರಿಸರ್ಚ್ ಸ್ಕಾಲರ್: ಕಣ್ಮುಚ್ಚಿ 384 ಹಾಕಿ. ಶೇ. 95 ಕಾನ್ಫಿಡೆನ್ಸ್, ಪ್ಲಸ್ ಮೈನಸ್ 5 ಅಂತ ಬರೆದರೆ ಯಾವ ಎಕ್ಸಾಮಿನರೂ ತಕರಾರು ತೆಗೆಯಲ್ಲ. ಊರು ದೊಡ್ಡದಿರಲಿ ಚಿಕ್ಕದಿರಲಿ, ಅದೇ ನಂಬರ್. ಇಲ್ಲಾಂದ್ರೆ ಸ್ಲೋವಿನ್ ಸೂತ್ರ ಇದೆ, ಅದರಲ್ಲಿ 343 ಬರುತ್ತೆ.

ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: 384 ಎಲ್ಲಿಂದ ಬಂತು ಅಂತ ಮೊದಲು ನೋಡೋಣ.

```
n = z² × p × (1 − p) / d²
  = 1.96² × 0.5 × 0.5 / 0.05²
  = 384.16
```

ಶೇ. 95ಕ್ಕೆ z ಬೆಲೆ 1.96. d ಅಂದರೆ ನೀವು ಒಪ್ಪಿಕೊಳ್ಳುವ ಆಚೀಚೆ, ಇಲ್ಲಿ 5 ಪರ್ಸೆಂಟ್, ಅಂದರೆ 0.05. p ಅಂದರೆ ನೀವು ಹುಡುಕುತ್ತಿರುವ ಪಾಲೇ. ಅದು ಗೊತ್ತಿಲ್ಲದಿದ್ದಾಗ 0.5 ಇಡುತ್ತೇವೆ, ಯಾಕೆಂದರೆ ಆಗ n ಅತಿ ದೊಡ್ಡದಾಗಿ ಬರುತ್ತದೆ, ಮೋಸ ಹೋಗುವುದಿಲ್ಲ. ಉಳಿದ ದಶಮಾಂಶವನ್ನು ಯಾವಾಗಲೂ ಮೇಲಕ್ಕೆ ಏರಿಸಬೇಕು. ಹಾಗಾಗಿ 385, 384 ಅಲ್ಲ.

ಆದರೆ ಇದು ಜನ ಲಕ್ಷಗಟ್ಟಲೆ ಇರುವ ಕಡೆಯ ಲೆಕ್ಕ. ನಿಮ್ಮಲ್ಲಿ ಇರುವುದೇ 2,400. ಅದಕ್ಕೆ ಸ್ವಲ್ಪ ಕಡಿತ ಸಿಗುತ್ತದೆ: 384.16 ಅನ್ನು 1 + 383.16/2400ರಿಂದ ಭಾಗಿಸಿ. 331.3 ಬರುತ್ತದೆ, ಅಂದರೆ 332 ಜನ. ಸ್ಲೋವಿನ್ ಬೇರೆ ಏನೂ ಅಲ್ಲ, ಇದೇ ಲೆಕ್ಕ. ಅದರಲ್ಲಿ 1.96ರ ಬದಲು 2 ಮತ್ತು p = 0.5 ಒಳಗೇ ಅಡಗಿ ಕೂತಿವೆ. ಅದಕ್ಕೇ 343. ಶೇ. 99 ಬೇಕು ಅಂದವರಿಗೆ ಅದು ಏನೂ ಸಹಾಯ ಮಾಡಲ್ಲ.

ಇನ್ನು 10 ಪರ್ಸೆಂಟ್ ನಿಯಮ. ನಿಮ್ಮ 240ಕ್ಕೆ ಆಚೀಚೆ ಸುಮಾರು 6 ಬರುತ್ತದೆ, ಅಷ್ಟೇನೂ ಕೆಟ್ಟದ್ದಲ್ಲ. ಅದೇ ನಿಯಮವನ್ನು 300 ಬೆಳೆಗಾರರ ಒಂದು ಊರಿಗೆ ಹಾಕಿ. 30 ಜನ, ಆಚೀಚೆ 17! 40 ಪರ್ಸೆಂಟ್ ಅಂತ ಬಂದರೆ ನಿಜ 23ರಿಂದ 57ರೊಳಗೆ ಎಲ್ಲಾದರೂ ಇರಬಹುದು. ನಿಮ್ಮ ಗೈಡ್‌ಗೆ ಈ ಸಲ ಅದೃಷ್ಟ, ಅಷ್ಟೇ.

ಆರೋಗ್ಯ ಇಲಾಖೆಯವಳು, ಮಂಡ್ಯ: ಇಷ್ಟೆಲ್ಲ ಯಾಕೆ ಸರ್? ನಾವು ಲಸಿಕೆ ಸರ್ವೆ ಮಾಡುವಾಗ 30 ಕ್ಲಸ್ಟರ್, ಒಂದೊಂದರಲ್ಲಿ 7 ಮಕ್ಕಳು, ಒಟ್ಟು 210. ವಿಶ್ವ ಆರೋಗ್ಯ ಸಂಸ್ಥೆಯ ಹಳೇ ಪದ್ಧತಿ. ತಂಗಿ, 210 ಮಾಡಿ ಮುಗಿಸಮ್ಮ, ಬಿಸಿಲಲ್ಲಿ ಅಲೆಯೋದು ನಮಗೆ ಗೊತ್ತು.

ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: ಮೇಡಂ, ಆ 210 ಪ್ಲಸ್ ಮೈನಸ್ 10ಕ್ಕೆ ಮಾಡಿದ್ದು. d ಜಾಗದಲ್ಲಿ 0.10 ಇಟ್ಟರೆ 96 ಬರುತ್ತದೆ. ಮಕ್ಕಳನ್ನು ಗುಂಪುಗುಂಪಾಗಿ ಆರಿಸುವುದಕ್ಕೆ ಅದನ್ನು ಎರಡು ಪಟ್ಟು ಮಾಡಿ 192. ಅದನ್ನು 30 ಕ್ಲಸ್ಟರ್‌ಗೆ ಹಂಚಿದರೆ 6.4, ಅದಕ್ಕೇ 7. ಲಸಿಕೆಗೆ ಅಷ್ಟು ಸಾಕು. ಆದರೆ ಆ ಎರಡು ಪಟ್ಟು ಅಂದೆನಲ್ಲ, ಈ ಹುಡುಗಿಗೆ ನಿಜವಾಗಿ ಬೇಕಾದ ಮಾತು ಅದೇ. ಅಮ್ಮಾ, ನೀವು 8 ಹಳ್ಳಿಗೂ ಹೋಗ್ತೀರೋ, ಅಥವಾ ಒಂದೆರಡನ್ನು ಆರಿಸಿಕೊಳ್ತೀರೋ?

ಮದ್ದೂರು ಹುಡುಗಿ: ಬಸ್ ಅನುಕೂಲ ಇರುವ 2 ಹಳ್ಳಿಯಲ್ಲೇ ಮುಗಿಸೋಣ ಅಂತಿದ್ದೆ ಸರ್. ಒಂದೊಂದರಲ್ಲಿ 166.

ಕಬ್ಬಿನ ಗದ್ದೆ: ಯಾವ ಎರಡು ಊರು ಅಂತ ನೋಡ್ಕೊಳಮ್ಮ. ನಮ್ಮೂರಿಗೆ ವಿ.ಸಿ. ನಾಲೆ ನೀರು ಗದ್ದೆಗೇ ಬರುತ್ತೆ, ಡ್ರಿಪ್ ಹಾಕ್ಸಿರೋರು ಯಾರೂ ಇಲ್ಲ. ನಾಲೆ ಕೊನೆಗೆ ಹೋದ್ರೆ ಬೋರ್‌ವೆಲ್ ನಂಬ್ಕೊಂಡಿರೋರು. ಅಲ್ಲಿ ಒಬ್ಬ ಹಾಕಿಸಿದ್ರೆ ಪಕ್ಕದವನೂ ಹಾಕಿಸ್ತಾನೆ. ಅದಿರಲಿ, ಡ್ರಿಪ್ ಸಬ್ಸಿಡಿ ಅರ್ಜಿ ಈಗ ತಗೋತಾ ಇದಾರಾ? ಯಾರಿಗಾದ್ರೂ ಗೊತ್ತಾ?

ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: ನಾನು ಹೇಳಬೇಕಾದ್ದನ್ನು ಗೌಡರೇ ಹೇಳಿದರು. ಒಂದೇ ಊರಿನವರು ಒಂದೇ ಥರ ಉತ್ತರ ಕೊಟ್ಟರೆ ಹತ್ತನೆಯವರನ್ನು ಕೇಳಿ ಹೊಸದಾಗಿ ತಿಳಿಯುವುದು ತೀರಾ ಕಡಿಮೆ. ಅದನ್ನು ಅಳೆಯುವ ಲೆಕ್ಕ 1 + (m − 1) × ρ. m ಅಂದರೆ ಒಂದು ಊರಲ್ಲಿ ಕೇಳುವ ಜನ. ρ ಅಂದರೆ ಊರಿನೊಳಗಿನ ಹೋಲಿಕೆ, ರೋ ಅಂತ ಓದಿ. ಅದನ್ನು ಬರೀ 0.05 ಅಂತ ಹಿಡಿದರೂ, 166 ಜನಕ್ಕೆ 9ಕ್ಕಿಂತ ಜಾಸ್ತಿ ಬರುತ್ತದೆ. 332ನ್ನು ಅದರಿಂದ ಭಾಗಿಸಿ ನೋಡಿ: 332 ಜನರನ್ನು ಕೇಳಿದರೂ ಬೆಲೆ 40 ಜನರನ್ನು ಬಿಡಿಬಿಡಿಯಾಗಿ ಕೇಳಿದಷ್ಟೂ ಇಲ್ಲ. ವರದಿಯಲ್ಲಿ ಮಾತ್ರ ಪ್ಲಸ್ ಮೈನಸ್ 5 ಅಂತ ಬರೆದಿರುತ್ತೀರಿ.

8 ಹಳ್ಳಿಗೂ ಹೋಗಿ. 332ನ್ನು ಬೆಳೆಗಾರರ ಸಂಖ್ಯೆಗೆ ತಕ್ಕಂತೆ ಹಂಚಿ. 600 ಜನ ಇರುವ ಊರಿಗೆ 83, 150 ಇರುವ ಊರಿಗೆ 21. ಪ್ರತಿ ಊರಿನ ಪಟ್ಟಿಯಿಂದ ಚೀಟಿ ಎತ್ತಿ ಆರಿಸಿ. ಆಗ ಈ ದಂಡ ಬೀಳುವುದಿಲ್ಲ. ಊರೂರಿಗೆ ವ್ಯತ್ಯಾಸ ಇದ್ದಷ್ಟೂ ಲಾಭವೇ. ಬಸ್ ಚಾರ್ಜ್ ಜಾಸ್ತಿ ಆಗುತ್ತೆ, ನಿಜ.

ಗಂಗೋತ್ರಿ ರಿಸರ್ಚ್ ಸ್ಕಾಲರ್: ಪಟ್ಟಿ ಎಲ್ಲಿ ಸಿಗುತ್ತೆ ಸರ್? ನಾನು ಡೇರಿ ಸದಸ್ಯರ ಪಟ್ಟಿ ತಗೊಂಡಿದ್ದೆ, ಸುಲಭ.

ಕಬ್ಬಿನ ಗದ್ದೆ: ಡೇರಿ ಪಟ್ಟಿಯಲ್ಲಿ ಹಸು ಇಲ್ಲದೋರು ಇರಲ್ವಲ್ಲ! ಕಾರ್ಖಾನೆ ಪಟ್ಟಿ ತಗೊಂಡ್ರೆ ಆಲೆಮನೆಗೆ ಕಬ್ಬು ಹಾಕೋರು ಬಿಟ್ಟು ಹೋಗ್ತಾರೆ. ಎರಡೂ ಸೇರಿಸಿ, ಊರಲ್ಲಿ ಯಾರನ್ನಾದ್ರೂ ಕೂರಿಸ್ಕೊಂಡು ತಿದ್ದಿಸ್ಕೊಳಿ.

ಮದ್ದೂರು ಹುಡುಗಿ: ಸರಿ, 8 ಊರೂ ಹೋಗ್ತೀನಿ. ಒಂದು ಅನುಮಾನ. ಸುಮ್ನೆ ಒಂದಿಷ್ಟು ಜನರನ್ನು ಕೇಳಿ ನೋಡಿದೆ, ಡ್ರಿಪ್ ಇರೋರು 15 ಪರ್ಸೆಂಟ್ ಇರಬಹುದು ಅನ್ಸುತ್ತೆ. p ಜಾಗದಲ್ಲಿ 0.15 ಇಟ್ಟರೆ, ಆ ಕಡಿತವೂ ಸೇರಿ 182 ಸಾಕು ಅಂತ ಬಂತು. ಅಷ್ಟೇ ಮಾಡಬಹುದಾ?

ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: ಲೆಕ್ಕ ಸರಿಯಾಗಿದೆ. ಆದರೆ ಫಲಿತಾಂಶ 10ರಿಂದ 20ರೊಳಗೆ ಅಂತ ಬರುತ್ತದೆ. ಒಂದು ತುದಿ ಇನ್ನೊಂದರ ಎರಡು ಪಟ್ಟು! ಪಾಲು ಚಿಕ್ಕದಿದ್ದರೆ d ಕೂಡ ಚಿಕ್ಕದಿರಬೇಕು. ಆಚೀಚೆ 3 ಇಟ್ಟು ನೋಡಿ: 545, ಕಡಿತ ಕಳೆದು 444. ಅಷ್ಟು ಆಗಲ್ಲ ಅಂದರೆ 332 ಮಾಡಿ, ನಡುವೆ ಎಲ್ಲೋ ನಿಲ್ಲುತ್ತದೆ. ಮತ್ತೆ ನಿಮ್ಮ 15 ಕೂಡ ಅಂದಾಜು ತಾನೇ? ನಿಜ 25 ಇದ್ದರೆ 182 ಸಾಲಲ್ಲ.

ಆರೋಗ್ಯ ಇಲಾಖೆಯವಳು, ಮಂಡ್ಯ: ಮನೆಗೆ ಹೋದಾಗ ಸಿಗದವರ ಲೆಕ್ಕವೂ ಇಟ್ಕೊಳಮ್ಮ. 100ಕ್ಕೆ 15 ಜನ ಸಿಗಲ್ಲ ಅಂದ್ಕೊಂಡ್ರೆ 332ಕ್ಕೆ ಶೇ. 15 ಕೂಡಿಸೋದಲ್ಲ, 0.85ರಿಂದ ಭಾಗಿಸಬೇಕು. 391 ಹೆಸರು ಎತ್ತಿಟ್ಟುಕೊ. ಕೂಡಿಸಿದ್ರೆ 382 ಬರುತ್ತೆ, ಕೊನೆಗೆ ಏಳೆಂಟು ಜನ ಕಮ್ಮಿ ಬೀಳ್ತಾರೆ. ಸಿಗದವರ ಬದಲು ಪಕ್ಕದ ಮನೆಯವರನ್ನ ಕೇಳಬೇಡ. ಮನೇಲಿ ಸಿಗೋರು ಬೇರೆ ಥರದೋರು. ಸಂಜೆ ಇನ್ನೊಂದ್ಸಲ ಹೋಗು.

ಗಂಗೋತ್ರಿ ರಿಸರ್ಚ್ ಸ್ಕಾಲರ್: ಎಕರೆಗಿಂತ ಕಡಿಮೆ ಇರೋರ ಪಾಲು ಬೇರೆ, ದೊಡ್ಡ ಹಿಡುವಳಿಯವರದು ಬೇರೆ ತೋರಿಸಿ ಅಂತ ಗೈಡ್ ಕೇಳೇ ಕೇಳ್ತಾರೆ. ಆ 332ನ್ನೇ ಎರಡು ಭಾಗ ಮಾಡಿದರೆ ಆಯ್ತಲ್ವಾ?

ನಿವೃತ್ತ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು, ಮೈಸೂರು: ಮಾಡಬಹುದು, ಆದರೆ ಎರಡಕ್ಕೂ ಆಚೀಚೆ 5 ಸಿಗಲ್ಲ. ಪ್ರತಿ ಭಾಗಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕು, ಒಟ್ಟು 332 ಮೀರಿ ಹೋಗುತ್ತದೆ.

ಗಂಗೋತ್ರಿ ರಿಸರ್ಚ್ ಸ್ಕಾಲರ್: ಎಂಎಸ್‌ಡಬ್ಲ್ಯು ಡೆಸರ್ಟೇಶನ್‌ಗೆ ಅಷ್ಟು ಬೇಡ ಅಂತಾನೇ ನನ್ನ ಅಭಿಪ್ರಾಯ ಸರ್. ಆಚೀಚೆ ಎಷ್ಟಿದೆ ಅಂತ ಟೇಬಲ್ ಕೆಳಗೆ ಬರೆದುಬಿಟ್ಟರೆ ಸಾಕು.

ಮದ್ದೂರು ಹುಡುಗಿ: ಗೈಡ್ ಹತ್ರ ಸೋಮವಾರ ಕೇಳ್ತೀನಿ. ಸದ್ಯಕ್ಕೆ 391 ಹೆಸರಿನ ಪಟ್ಟಿ ಶುರು ಮಾಡಿದೀನಿ.