ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣು: ಹತ್ತು ದಿನದ ಔಷಧಿಯೋ, ಆರು ವಾರದ್ದೋ?

ಹಾಸನದ ಸದಸ್ಯೆ: ಡಾಕ್ಟರೇ, ನಮ್ಮ ತಂದೆಯವರಿಗೆ 62 ವರ್ಷ. ಹೆಬ್ಬೆರಳಿನ ಬುಡದಲ್ಲಿ, ಅಂಗಾಲಿನ ಕಡೆ, ಎರಡು ತಿಂಗಳಿಂದ ಹುಣ್ಣಿದೆ. ಸುತ್ತಲಿನ ಕೆಂಪು ಸುಮಾರು 3 ಸೆಂ.ಮೀ. ಹರಡಿದೆ, ಜ್ವರವಿಲ್ಲ. ತಿಂಗಳ ಹಿಂದೆ ತೆಗೆದ ಎಕ್ಸ್‌ರೇ ಸರಿಯಿತ್ತು, ಇಎಸ್‌ಆರ್ 88. ಒಬ್ಬ ವೈದ್ಯರು ಲೋಹದ ಕಡ್ಡಿ ಹಾಕಿ ನೋಡಿ, ಮೂಳೆ ತಗಲುತ್ತಿದೆ, ಆರು ವಾರ ಆಂಟಿಬಯಾಟಿಕ್ ಬೇಕು ಎಂದರು. ಇನ್ನೊಬ್ಬರು ಹತ್ತು ದಿನ ಸಾಕು ಎನ್ನುತ್ತಾರೆ.

ವೈದ್ಯರು: ಅಮ್ಮಾ, ಇಬ್ಬರ ಮಾತೂ ಬೇರೆ ಬೇರೆ ರೋಗಕ್ಕೆ ಸರಿಯಾಗಿದೆ. ಸೋಂಕು ಚರ್ಮ ಮತ್ತು ಮಾಂಸದಲ್ಲಿ ಮಾತ್ರ ಇದ್ದರೆ ಒಂದರಿಂದ ಎರಡು ವಾರ ಸಾಕಾಗುತ್ತದೆ. ಹತ್ತು ದಿನದ ಲೆಕ್ಕ ಅಲ್ಲಿಂದ ಬಂದದ್ದು. ಸೋಂಕು ತಗಲಿದ ಮೂಳೆಯನ್ನು ತೆಗೆಯದೆ ಔಷಧಿಯಿಂದಲೇ ಗುಣಪಡಿಸುವುದಾದರೆ ಸುಮಾರು ಆರು ವಾರ ಬೇಕು. ಆದ್ದರಿಂದ ಮೊದಲು ತೀರ್ಮಾನವಾಗಬೇಕಾದದ್ದು ಮೂಳೆಯ ಪ್ರಶ್ನೆ.

ಕೆಂಪು 2 ಸೆಂ.ಮೀ. ದಾಟಿರುವುದರಿಂದ ಇದನ್ನು ಸೌಮ್ಯ ಎನ್ನಲಾಗದು, ಮಧ್ಯಮ ದರ್ಜೆ. ಹುಣ್ಣು ಕೀವಾಗಿ, ಎರಡು ತಿಂಗಳು ಒಣಗದೆ, ಒಳಗೆ ಹಾಕಿದ ಮೊಂಡು ಕಡ್ಡಿಗೆ ಗಟ್ಟಿಯಾದ, ಒರಟಾದ ತಳ ತಗಲಿದರೆ ಮೂಳೆಯ ಸೋಂಕಿನ ಅನುಮಾನ ಬಲವಾಗುತ್ತದೆ. ಇಎಸ್‌ಆರ್ 70ಕ್ಕಿಂತ ಮೇಲಿರುವುದು ಅದನ್ನು ಇನ್ನಷ್ಟು ಬಲಪಡಿಸುತ್ತದೆ. ಎಕ್ಸ್‌ರೇಯಲ್ಲಿ ಮೂಳೆಯ ಬದಲಾವಣೆ ಕಾಣಲು ಎರಡು ಮೂರು ವಾರ ಹಿಡಿಯುತ್ತದೆಯಾದ್ದರಿಂದ ತಿಂಗಳ ಹಿಂದಿನ ಚಿತ್ರವನ್ನು ನಂಬಿ ಕೂರಬೇಡಿ. ಈಗ ಮತ್ತೊಂದು ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಆಮೇಲೂ ಅನುಮಾನ ಉಳಿದರೆ ಅಥವಾ ಶಸ್ತ್ರಚಿಕಿತ್ಸೆಗೆ ಎಲ್ಲಿಯವರೆಗೆ ಕತ್ತರಿಸಬೇಕೆಂದು ತಿಳಿಯಬೇಕಾದರೆ ಎಂಆರ್‌ಐ. ತಂದೆಯವರ ಸ್ಥಿತಿ ಸ್ಥಿರವಾಗಿದ್ದರೆ ಔಷಧಿ ಆರಂಭಿಸುವ ಮೊದಲೇ ಮೂಳೆಯ ಚೂರನ್ನು ಕಲ್ಚರ್‌ಗೆ ಕಳುಹಿಸಲು ಸಾಧ್ಯವೇ ಎಂದು ಕೇಳಿ. ಹುಣ್ಣಿನ ಮೇಲೆ ಹತ್ತಿ ಸವರಿ ಕಳುಹಿಸಿದರೆ ಸಿಗುವುದು ಹೆಚ್ಚಾಗಿ ಮೇಲ್ಮೈಯ ಕ್ರಿಮಿಗಳು, ಒಳಗಿನವಲ್ಲ. ಪಾದದ ನಾಡಿ ಸಿಗುತ್ತದೆಯೇ ಎಂದು ಯಾರಾದರೂ ನೋಡಿದ್ದಾರೆಯೇ? ರಕ್ತ ಹೋಗದ ಕಾಲಿಗೆ ಔಷಧಿಯೂ ಹೋಗುವುದಿಲ್ಲ.

ಶಿವಮೊಗ್ಗದ ಸದಸ್ಯ, ನಿವೃತ್ತ ಶುಶ್ರೂಷಕ: ಕಡ್ಡಿಗೆ ಮೂಳೆ ತಗಲಿದರೆ ಸೋಂಕು ಖಚಿತ. ಆದರೆ ಜ್ವರವಿಲ್ಲದಿದ್ದರೆ ಮನೆಯಲ್ಲೇ ಡ್ರೆಸ್ಸಿಂಗ್ ಸಾಕು.

ವೈದ್ಯರು: ಮೊದಲ ಮಾತು ಅರ್ಧ ಸರಿ. ಸೋಂಕಿನ ಲಕ್ಷಣವೇ ಇಲ್ಲದ ಸ್ವಚ್ಛ ಹುಣ್ಣಿನಲ್ಲಿ ಕಡ್ಡಿ ತಗಲಿತೆಂದರೆ ಅದರ ಬೆಲೆ ಕಡಿಮೆ. ಎರಡನೆಯ ಮಾತು ಅಪಾಯಕಾರಿ. ಸಕ್ಕರೆ ಕಾಯಿಲೆಯವರಲ್ಲಿ ಪಾದ ಕೊಳೆಯುತ್ತಿದ್ದರೂ ಎಷ್ಟೋ ಜನರಿಗೆ ಜ್ವರ ಬರುವುದಿಲ್ಲ. ನಾಡಿ ನಿಮಿಷಕ್ಕೆ 90ಕ್ಕಿಂತ ಹೆಚ್ಚು, ಉಸಿರು 20ಕ್ಕಿಂತ ಹೆಚ್ಚು, ಬಿಳಿ ರಕ್ತಕಣ 12,000ಕ್ಕಿಂತ ಮೇಲೆ ಅಥವಾ 4,000ಕ್ಕಿಂತ ಕೆಳಗೆ, ದೇಹದ ಉಷ್ಣ 38 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅಥವಾ 36ಕ್ಕಿಂತ ಕೆಳಗೆ: ಇವುಗಳಲ್ಲಿ ಎರಡಿದ್ದರೂ ಅದು ತೀವ್ರ ದರ್ಜೆ, ಅಂದೇ ಆಸ್ಪತ್ರೆಗೆ ದಾಖಲಾಗಬೇಕು.

ಮಂಡ್ಯದ ಸದಸ್ಯೆ: ಮೂಳೆ ಸವೆತಕ್ಕೆ ನಮ್ಮ ತಾಯಿಯವರು ಕ್ಯಾಲ್ಸಿಯಂ ನುಂಗುತ್ತಿದ್ದಾರೆ, ಮುಂದುವರಿಸಬಹುದೇ?

ತುಮಕೂರಿನ ಸದಸ್ಯ: ಕಾಲಿನ ಗಾಯಕ್ಕೆ ಯಾವ ಆಂಟಿಬಯಾಟಿಕ್ ಒಳ್ಳೆಯದು?

ವೈದ್ಯರು: ತುಮಕೂರಿನವರೇ, ಗಾಯ ನೋಡದೆ ಹೇಳುವುದಿಲ್ಲ.

ದಾವಣಗೆರೆಯ ಸದಸ್ಯ: ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ: ಅರಿಶಿನ, ಬೇವಿನ ಎಣ್ಣೆ ಕಲಸಿ ಹುಣ್ಣಿಗೆ ತುಂಬಿದರೆ ಏಳು ದಿನದಲ್ಲಿ ಮೂಳೆಯೂ ಗಟ್ಟಿಯಾಗುತ್ತದೆ.

ವೈದ್ಯರು: ಇದನ್ನು ದಯವಿಟ್ಟು ಅಳಿಸಿ. ಹುಣ್ಣಿನೊಳಗೆ ಏನನ್ನಾದರೂ ತುಂಬಿದರೆ ಒಳಗಿನ ಕೀವಿಗೆ ದಾರಿ ಮುಚ್ಚುತ್ತದೆ, ತಳ ಕಾಣದಂತಾಗುತ್ತದೆ, ಪಾದ ಜೋಮು ಹಿಡಿದವರಿಗೆ ನೋವೂ ತಿಳಿಯುವುದಿಲ್ಲ. ಈ ಸಂದೇಶ ಹಾಕುವವರು ಆ ಪಾದವನ್ನು ಒಮ್ಮೆಯಾದರೂ ತೆರೆದು ನೋಡಿರಲಾರರು.

ದಾವಣಗೆರೆಯ ಸದಸ್ಯ: ನಮ್ಮ ಅಜ್ಜಿಯ ಕಾಲದಿಂದಲೂ ಅರಿಶಿನ ಹಚ್ಚುತ್ತೇವೆ, ಹೀಗೆ ಅವಮಾನಿಸುವ ಅಗತ್ಯವಿಲ್ಲ.

ಶಿವಮೊಗ್ಗದ ಸದಸ್ಯ: ತರಕಾರಿ ಹೆಚ್ಚುವಾಗ ಆದ ಗಾಯಕ್ಕೂ ಇದಕ್ಕೂ ವ್ಯತ್ಯಾಸವಿದೆ, ಸ್ವಾಮಿ. ಮೊದಲು ವೈದ್ಯರು ಬರೆದದ್ದನ್ನು ಓದಿ.

ದಾವಣಗೆರೆಯ ಸದಸ್ಯ: ಮನೆಯಲ್ಲೇ ಡ್ರೆಸ್ಸಿಂಗ್ ಸಾಕೆಂದವರು ನೀವೇ ಅಲ್ಲವೇ?

ಮೈಸೂರಿನ ಸದಸ್ಯೆ: ಇಬ್ಬರೂ ಸುಮ್ಮನಿರಿ. ಡಾಕ್ಟರೇ, ನಮ್ಮ ಮಾವನವರಿಗೆ ಇದೇ ತೊಂದರೆಗೆ ಮೂರು ತಿಂಗಳು ಔಷಧಿ ಕೊಟ್ಟರು. ಹೆಚ್ಚು ದಿನ ಕೊಟ್ಟರೆ ಹೆಚ್ಚು ಭದ್ರವಲ್ಲವೇ?

ವೈದ್ಯರು: ಮೂಳೆ ತೆಗೆಯದವರಲ್ಲಿ ಆರು ವಾರವನ್ನು ಹನ್ನೆರಡು ವಾರದೊಂದಿಗೆ ಹೋಲಿಸಿದ ಒಂದು ಚಿಕ್ಕ ಅಧ್ಯಯನದಲ್ಲಿ ಗುಣವಾಗುವುದರಲ್ಲಿ ಗಮನಾರ್ಹ ವ್ಯತ್ಯಾಸ ಕಂಡಿಲ್ಲ, ಆದರೆ ಹೊಟ್ಟೆಯ ತೊಂದರೆ ಹನ್ನೆರಡು ವಾರದವರಿಗೆ ಹೆಚ್ಚಾಯಿತು. ಸೋಂಕಿನ ಮೂಳೆಯನ್ನು ಪೂರ್ತಿ ತೆಗೆದವರಿಗೆ ಕೆಲವೇ ದಿನ ಸಾಕು. ಕತ್ತರಿಸಿದ ಅಂಚಿನ ಮೂಳೆಯಲ್ಲಿ ಕ್ರಿಮಿ ಬೆಳೆದರೆ ಮೂರು ವಾರದವರೆಗೆ. ಔಷಧಿ ನಿಲ್ಲಿಸಿ ಆರು ತಿಂಗಳು ಕಳೆದು ಕಾಲು ನೆಮ್ಮದಿಯಾಗಿದ್ದರೆ ಮಾತ್ರ ಗುಣವಾಯಿತೆನ್ನಬೇಕು. ಹಾಸನದವರೇ, ಕೀವಿನ ಗಡ್ಡೆಯಿಲ್ಲದೆ ರಕ್ತ ಸಂಚಾರ ಚೆನ್ನಾಗಿದ್ದರೆ ಔಷಧಿಯಿಂದಲೇ ಆರಂಭಿಸಬಹುದು. ಶಸ್ತ್ರಚಿಕಿತ್ಸೆಯೇ ಮೇಲು ಎನ್ನುವ ಸಹೋದ್ಯೋಗಿಗಳೂ ನನಗಿದ್ದಾರೆ, ಆ ವಾದ ಮುಗಿದಿಲ್ಲ.

ಹಾಸನದ ಸದಸ್ಯೆ: ನಾಡಿ ಯಾರೂ ನೋಡಿಲ್ಲ. ನಾಳೆಯೇ ಕರೆದುಕೊಂಡು ಹೋಗುತ್ತೇವೆ.

ತುಮಕೂರಿನ ಸದಸ್ಯ: ನನ್ನ ಪ್ರಶ್ನೆಗೆ ಉತ್ತರವೇ ಇಲ್ಲವೇ? ಬರೀ ಒಂದು ಮಾತ್ರೆಯ ಹೆಸರು ಕೇಳಿದ್ದು.

ವೈದ್ಯರು: ಉತ್ತರ ಮೇಲಿದೆ.